ಕ್ರಿಕೆಟ್ ಬೆಟ್ಟಿಂಗ್ ಪೂಲ್‌ಗೆ ಬರಲ್ಲ ಅಂತ ಗೆಳೆಯರಿಗೆ ಬರೆದ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದೇನೆ. ಊರು ತೀರ್ಥಹಳ್ಳಿ ಕಡೆ. ವಿನೋಬನಗರದಲ್ಲಿ ಗೆಳೆಯರ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಐಪಿಎಲ್ ಶುರುವಾಗುವ ಹೊತ್ತಿಗೆ ನಮ್ಮ ಬಳಗದಲ್ಲಿ ಒಂದು ಪೂಲ್ ಮಾಡುವ ಮಾತು ಬಂತು. ನಾನೂ ಸೇರಿ ಎಂಟು ಜನ, ತಲೆಗೆ 500 ರೂಪಾಯಿ. ದುಡ್ಡೆಲ್ಲ ಒಬ್ಬನ ಖಾತೆಗೆ ಹಾಕುವುದು. ಅವನು ಫೋನಿನಲ್ಲಿ ಬೆಟ್ಟಿಂಗ್ ಸೈಟಿನ ಒಂದು ಐಡಿ ತೆಗೆದುಕೊಂಡು ಮ್ಯಾಚ್ ಮೇಲೆ ಕಟ್ಟುವುದು. ಗೆದ್ದರೆ ಎಂಟು ಪಾಲು.

ನಾನು ಬರುವುದಿಲ್ಲ ಅಂತ ಒಂದು ಪತ್ರ ಬರೆದು ಕೊಟ್ಟೆ. ಅದು ಒಬ್ಬರಿಂದೊಬ್ಬರಿಗೆ ಹೋಗಿ ಜೂನಿಯರ್‌ಗಳ ಕೈಗೂ ಸಿಕ್ಕಿದೆ. ಅವರಲ್ಲಿ ಕೆಲವರು ತಮ್ಮ ರೂಮಿನಲ್ಲೂ ಇದೇ ಪರಿಸ್ಥಿತಿ ಅಂತ ಬಂದು ಕೇಳುತ್ತಾರೆ. ಅವರು ಜಾಸ್ತಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪತ್ರದಲ್ಲಿ ಏನು ಬರೆದಿದ್ದೆ?

ಪೂರ್ತಿ ಪತ್ರ ಇದು.

"ಪ್ರೀತಿಯ ಗೆಳೆಯರೇ,

ಪೂಲ್ ವಿಷಯ ಎರಡು ಸಲ ಕೇಳಿದಿರಿ. ಸರಿಯಾಗಿ ಉತ್ತರ ಕೊಡಬೇಕು ಅಂತ ಈ ಪತ್ರ. ನಾನು ಪೂಲ್‌ಗೆ ಸೇರುವುದಿಲ್ಲ. ಈ ಸೀಸನ್‌ಗೆ ಮಾತ್ರ ಅಲ್ಲ, ಮುಂದೆಯೂ ಇಲ್ಲ. ಕ್ರಿಕೆಟ್ ಮೇಲೆ ದುಡ್ಡು ಕಟ್ಟುವುದಿಲ್ಲ ಅಂತ ನಾನು ತೀರ್ಮಾನ ಮಾಡಿದ್ದೇನೆ.

ನನ್ನ ಪಾಲನ್ನು ಬೇರೆಯವರು ಹಾಕುವುದೂ ಬೇಡ. ನನ್ನ ಬ್ಯಾಂಕ್ ಖಾತೆ, ಯುಪಿಐ, ಸಿಮ್, ಆಧಾರ್ ಯಾವುದನ್ನೂ ಇದಕ್ಕೆ ಬಳಸಲು ಕೊಡುವುದಿಲ್ಲ. 'ಒಂದು ಸಲ ನಿನ್ನ ಖಾತೆಗೆ ಹಾಕಿಸ್ತೀನಿ, ಆಮೇಲೆ ನಂಗೆ ಕಳ್ಸು' ಅಂತಲೂ ದಯವಿಟ್ಟು ಕೇಳಬೇಡಿ. ಪೂಲ್‌ಗೆ ಅಂತ ಸಾಲವನ್ನೂ ಕೊಡುವುದಿಲ್ಲ. ಊಟಕ್ಕೆ, ಬಸ್ಸಿಗೆ, ಫೀಸಿಗೆ, ಹುಷಾರಿಲ್ಲದಾಗ ಕೇಳಿ. ಇದ್ದರೆ ಖಂಡಿತ ಕೊಡುತ್ತೇನೆ.

ಮ್ಯಾಚ್ ನೋಡಲು ಎಂದಿನಂತೆ ಇರುತ್ತೇನೆ. ಆರ್‌ಸಿಬಿ ಮ್ಯಾಚ್ ದಿನ ಅಡುಗೆ ನನ್ನದೇ. ಪೂಲ್‌ನಲ್ಲಿ ಯಾರಿದ್ದೀರಿ, ಎಷ್ಟು ಹಾಕಿದಿರಿ ಅಂತ ನಾನು ಹೊರಗೆ ಯಾರ ಹತ್ತಿರವೂ ಆಡಿಕೊಳ್ಳುವುದಿಲ್ಲ. ಆದರೆ ಯಾರಾದರೂ ಕಷ್ಟಕ್ಕೆ ಸಿಕ್ಕಿಬಿದ್ದಿದ್ದು ಕಂಡರೆ ಸುಮ್ಮನೆ ಕೂರುವುದಿಲ್ಲ.

ನೀವೂ ಬೇಡ ಅಂತ ಬಿಟ್ಟರೆ ನನಗೆ ತುಂಬಾ ಖುಷಿ. ಯಾಕೆ ಅಂತ ಕೇಳುವವರ ಜೊತೆ ಕೂತು ಲೆಕ್ಕ ತೋರಿಸುತ್ತೇನೆ.

ನಿಮ್ಮವನೇ"

ಒಂದೇ ರೂಮಿನಲ್ಲಿದ್ದು ಪತ್ರ ಯಾಕೆ? ಬಾಯಲ್ಲಿ ಹೇಳಿದರೆ ಸಾಲದಾ?

ಒಬ್ಬ ಗೆಳೆಯನಾಗಿದ್ದರೆ ಬಾಯಲ್ಲೇ ಹೇಳುತ್ತಿದ್ದೆ. ಏಳು ಜನ ಒಟ್ಟಿಗೆ ಕೂತಾಗ ಹೇಳುವುದು ಬೇರೆ. ಮೊದಲ ವಾಕ್ಯ ಮುಗಿಯುವ ಮುಂಚೆಯೇ ಒಬ್ಬ ನಗುತ್ತಾನೆ, ಇನ್ನೊಬ್ಬ "ಏನ್ ಮಾರಾಯ, ಐನೂರು ರೂಪಾಯಿಗೆ ಇಷ್ಟೊಂದು ಯೋಚ್ನೆ ಮಾಡ್ತೀಯಲ್ಲ" ಅನ್ನುತ್ತಾನೆ. ಮಾತು ಎಲ್ಲೋ ಹೋಗಿ, ಕೊನೆಗೆ "ಆಯ್ತು ನೋಡೋಣ" ಅನ್ನುವಲ್ಲಿಗೆ ನಿಲ್ಲುತ್ತದೆ. ಅಂಥ ಕಡೆ "ನೋಡೋಣ" ಅಂದರೆ ಒಪ್ಪಿದ ಹಾಗೆಯೇ. ಬರೆದು ಕೊಟ್ಟರೆ ಹೇಳಬೇಕಾದ್ದನ್ನು ಪೂರ್ತಿ ಹೇಳಬಹುದು. ಓದುವವನಿಗೂ ಎಲ್ಲರ ಮುಂದೆ ತಕ್ಷಣ ಮುಖ ಕೆಡಿಸಿಕೊಳ್ಳಬೇಕಾದ ಕಷ್ಟ ಇರುವುದಿಲ್ಲ.

ಇನ್ನೊಂದು ಮಾತು. ದುಡ್ಡು ಕೂಡಿಸುವ ಗೆಳೆಯನಿಗೆ ಪತ್ರಕ್ಕಿಂತ ಮುಂಚೆ ಒಬ್ಬನೇ ಇದ್ದಾಗ ಹೇಳಿ. ಎಲ್ಲರ ಎದುರು ಮೊದಲ ಸಲ ಗೊತ್ತಾದರೆ ಅವನಿಗೆ ಅವಮಾನ ಅನ್ನಿಸುತ್ತದೆ. ನಾನು ಅವನ ಜೊತೆ ಗೋಪಿ ಸರ್ಕಲ್‌ವರೆಗೆ ನಡೆದುಕೊಂಡು ಹೋಗಿ ಹೇಳಿದೆ. ಪತ್ರ ಸಂಜೆ ಕೊಟ್ಟೆ.

ಕಾರಣ ಯಾಕೆ ವಿವರವಾಗಿ ಬರೆಯಲಿಲ್ಲ?

ಬೇಕಂತಲೇ ಬರೆಯಲಿಲ್ಲ. ಕಾರಣ ಹೇಳಿದಷ್ಟೂ ಗೆಳೆಯರು ಅದಕ್ಕೆ ಪರಿಹಾರ ಹುಡುಕುತ್ತಾರೆ. ಅವರು ಕೆಟ್ಟವರು ಅಂತಲ್ಲ, ನಮ್ಮನ್ನು ಬಿಟ್ಟು ಆಡಲು ಅವರಿಗೆ ಮನಸ್ಸಿಲ್ಲ. ದುಡ್ಡಿಲ್ಲ ಅಂದರೆ "ನಾನ್ ಹಾಕ್ತೀನಿ ಬಿಡು" ಅನ್ನುತ್ತಾರೆ. ಪರೀಕ್ಷೆ ಇದೆ ಅಂದರೆ "ಪ್ಲೇಆಫ್‌ಗೆ ಬಾ" ಅನ್ನುತ್ತಾರೆ. ಅಪ್ಪ ಬೈತಾರೆ ಅಂದರೆ "ನಿಮ್ಮಪ್ಪಂಗೆ ಹೇಳೋರ್ಯಾರು" ಅನ್ನುತ್ತಾರೆ. ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಬೇಡ ಅನ್ನಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

"ನಾನು ತೀರ್ಮಾನ ಮಾಡಿದ್ದೇನೆ" ಅನ್ನುವುದಕ್ಕೆ ಪರಿಹಾರ ಹುಡುಕಲು ಬರುವುದಿಲ್ಲ. ಜೊತೆಗೆ ಅದರಲ್ಲಿ ಯಾರ ಮೇಲೂ ಆರೋಪ ಇಲ್ಲ. "ಜೂಜಾಡಿದವರು ಹಾಳಾಗ್ತಾರೆ" ಅಂತ ಬರೆದಿದ್ದರೆ ಅದು ಅವರ ಮೇಲಿನ ತೀರ್ಪಾಗುತ್ತಿತ್ತು. ಹಾಗಂತ ಸುಳ್ಳು ಕಾರಣ ಮಾತ್ರ ಕೊಡಬೇಡಿ. ಊರಿಗೆ ಹೋಗ್ತಿದ್ದೀನಿ ಅಂತ ತಪ್ಪಿಸಿಕೊಂಡರೆ ವಾಪಸ್ ಬಂದ ದಿನ ಮತ್ತೆ ಅದೇ ಪ್ರಶ್ನೆ ಬರುತ್ತದೆ.

500 ರೂಪಾಯಿಯಲ್ಲಿ ಏನು ಹೋಗುತ್ತೆ? ಲೆಕ್ಕ ತೋರಿಸಿ.

ತೋರಿಸುತ್ತೇನೆ. ಪತ್ರ ಕೊಟ್ಟ ಮೇಲೆ ಇಬ್ಬರು ಗೆಳೆಯರು ನಿಜವಾಗಿ ಬಂದು ಕೇಳಿದರು. ಅವರಿಗೆ ತೋರಿಸಿದ ಲೆಕ್ಕವೇ ಇದು.

ಎಂಟು ಜನರ 500 ಸೇರಿದರೆ 4,000. ಎರಡು ತಂಡಗಳೂ ಸಮಬಲ ಅಂದುಕೊಳ್ಳೋಣ. ಯಾರು ಗೆದ್ದರೂ ಆಶ್ಚರ್ಯ ಇಲ್ಲ. ನ್ಯಾಯವಾಗಿ ನೋಡಿದರೆ 4,000 ಕಟ್ಟಿ ಗೆದ್ದಾಗ ಮೇಲೆ 4,000 ಸಿಗಬೇಕು. ಬುಕ್ಕಿ ಹಾಗೆ ಕೊಡುವುದಿಲ್ಲ. ಎರಡೂ ಕಡೆಗೆ ರೂಪಾಯಿಗೆ 90 ಪೈಸೆ ರೇಟು ಇಡುತ್ತಾನೆ ಅಂದುಕೊಳ್ಳಿ. ಗೆದ್ದರೆ 3,600 ಬರುತ್ತದೆ, ಸೋತರೆ 4,000 ಹೋಗುತ್ತದೆ. ಆ 400 ರೂಪಾಯಿ ಅವನ ಸಂಪಾದನೆ. ಯಾವ ತಂಡ ಗೆಲ್ಲುತ್ತದೆ ಅನ್ನುವ ಚಿಂತೆ ಅವನಿಗೆ ಬೇಕಾಗಿಲ್ಲ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಷ್ಟು ದುಡ್ಡು ಬೀಳುವ ಹಾಗೆ ರೇಟು ಏರಿಳಿಸುವುದೇ ಅವನ ಕೆಲಸ. ಸೋತವರ ದುಡ್ಡಿನಲ್ಲಿ ಗೆದ್ದವರಿಗೆ ಕೊಟ್ಟು, ಉಳಿದದ್ದನ್ನು ಇಟ್ಟುಕೊಳ್ಳುತ್ತಾನೆ.

ಹತ್ತು ಮ್ಯಾಚ್ ಕಟ್ಟಿ ಐದು ಗೆದ್ದಿರಿ, ಐದು ಸೋತಿರಿ. ಬಂದಿದ್ದು 18,000. ಹೋಗಿದ್ದು 20,000. ಅರ್ಧಕ್ಕರ್ಧ ಸರಿಯಾಗಿ ಊಹಿಸಿಯೂ 2,000 ಕೈಬಿಟ್ಟಿತು. ಬರೀ ಅಸಲು ಉಳಿಸಿಕೊಳ್ಳಬೇಕಾದರೂ ನೂರರಲ್ಲಿ ಸುಮಾರು 53 ಸಲ ಸರಿಯಾಗಿ ಹೇಳಬೇಕು. ರೇಟು ಇಡುವವನು ಪಿಚ್, ಟಾಸ್, ಗಾಯ, ಇಬ್ಬನಿ ಎಲ್ಲವನ್ನೂ ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾನೆ. ಬಲವಾದ ತಂಡದ ಮೇಲೆ ಕಟ್ಟುತ್ತೇವೆ ಅಂದರೆ ಅದಕ್ಕೆ ರೇಟು ಕಡಿಮೆ. ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ ಅವರ ಆಟದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಹಿರಿಯರು ನಮ್ಮ ಕಡೆ ಇದ್ದಾರೆ. ಕ್ರಿಕೆಟ್ ಅಷ್ಟು ಚೆನ್ನಾಗಿ ಗೊತ್ತಿರುವುದು ಒಂದು, ರೇಟನ್ನು ಸೋಲಿಸುವುದು ಇನ್ನೊಂದು. ನಮ್ಮ ಹುಡುಗರು ಎರಡನ್ನೂ ಒಂದೇ ಅಂದುಕೊಂಡು ಮೋಸ ಹೋಗುತ್ತಾರೆ.

ಆದರೆ ನಿಜವಾದ ನಷ್ಟ ಆಗುವುದು ಈ 400 ರೂಪಾಯಿಯಿಂದ ಅಲ್ಲ. ಸೋತ ಮರುದಿನ "ಡಬಲ್ ಹಾಕಿ ವಾಪಸ್ ತೆಗೆಯೋಣ" ಅನ್ನುವ ಮಾತಿನಿಂದ. ಮೊದಲು 4,000, ಆಮೇಲೆ 8,000, ಆಮೇಲೆ 16,000. ಮೂರೂ ಸೋತರೆ 28,000. ತಲೆಗೆ 3,500. ಸಮಬಲದ ಪಂದ್ಯಗಳಲ್ಲಿ ಮೂರು ಸತತ ಸೋಲು ಎಂಟರಲ್ಲಿ ಒಂದು ಸಲ ಬರುತ್ತದೆ. ಐಪಿಎಲ್‌ನ ಈಚಿನ ಸೀಸನ್‌ಗಳಲ್ಲಿ 74 ಮ್ಯಾಚ್ ಇವೆ. ಅಷ್ಟರಲ್ಲಿ ಮೂರು ಸತತ ಸೋಲು ಬರದೇ ಇರುವುದೇ ಅಪರೂಪ.

ಒಬ್ಬನೇ ಆಡುವವನು ದುಡ್ಡು ಖಾಲಿಯಾದರೆ ನಿಲ್ಲಿಸಬಹುದು. ಪೂಲ್‌ನಲ್ಲಿ ನಿಲ್ಲಿಸುವುದು ಇನ್ನೂ ಕಷ್ಟ. ಏಳು ಜನ ಡಬಲ್ ಅಂದಾಗ ಎಂಟನೆಯವನು ಬೇಡ ಅಂದರೆ, ಅವರು ಗೆದ್ದಾಗ ಇವನಿಗೆ ಪಾಲಿಲ್ಲ, ಸೋತಾಗ "ನೀನ್ ಬಿಟ್ಟಿದ್ದಕ್ಕೇ ಹಿಂಗಾಯ್ತು" ಅನ್ನುವ ಮಾತು. ಹಾಗಾಗಿ ಬೇಡ ಅನ್ನಲು ಸುಲಭವಾದ ಹೊತ್ತು ಅಂದರೆ ಮೊದಲ 500 ಕೊಡುವ ಮುಂಚೆ.

ಖಾತೆ, ಯುಪಿಐ, ಸಿಮ್ ಬಗ್ಗೆ ಅಷ್ಟು ಜಾಸ್ತಿ ಯಾಕೆ ಬರೆದಿರಿ?

ಪತ್ರದಲ್ಲಿ ತೀರಾ ಮುಖ್ಯವಾದದ್ದು ಆ ಭಾಗವೇ. 500 ರೂಪಾಯಿ ಕಳೆದರೆ ಒಂದು ವಾರ ಹೊರಗಿನ ಊಟ ಬಿಟ್ಟು ಸರಿಮಾಡಿಕೊಳ್ಳಬಹುದು. ಖಾತೆ ಸಿಕ್ಕಿಬಿದ್ದರೆ ಹಾಗಲ್ಲ. ಪೂಲ್‌ಗೆ ಬರಲ್ಲ ಅಂದವನನ್ನೇ ಆಮೇಲೆ "ದುಡ್ಡು ಬೇಡ ಬಿಡು, ಖಾತೆ ಮಾತ್ರ ಕೊಡು" ಅಂತ ಕೇಳುತ್ತಾರೆ. ಅದು ಸಣ್ಣ ಸಹಾಯದ ಹಾಗೆ ಕಾಣುವುದರಿಂದ ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ.

ಈ ದುಡ್ಡು ಹೇಗೆ ಓಡಾಡುತ್ತದೆ ಅಂತ ನೋಡಿ. ಐಡಿ ಕೊಡುವವನು ವಾಟ್ಸ್ಆ್ಯಪ್‌ನಲ್ಲಿ ಒಂದು ಕ್ಯೂಆರ್ ಕೋಡ್ ಕಳಿಸುತ್ತಾನೆ. ಅದರಲ್ಲಿ ಕಾಣುವ ಹೆಸರು ಬೆಟ್ಟಿಂಗ್ ನಡೆಸುವವರದ್ದಲ್ಲ. ಯಾರೋ ಒಬ್ಬರ ಸ್ವಂತ ಹೆಸರು, ಇಲ್ಲವೇ ಎಲ್ಲಿಯದೋ ಸಣ್ಣ ಅಂಗಡಿಯ ಹೆಸರು. ಕೆಲವು ದಿನ ಬಿಟ್ಟು ಕೇಳಿದರೆ ಬೇರೆ ಕೋಡ್, ಬೇರೆ ಹೆಸರು. ಇವನ್ನು ಮ್ಯೂಲ್ ಅಕೌಂಟ್ ಅನ್ನುತ್ತಾರೆ, ಅಂದರೆ ಬಾಡಿಗೆಗೆ ತಂದ ಖಾತೆಗಳು. ಕಾನೂನಿಗೆ ಹೊರಗಿನ ವ್ಯವಹಾರವಾದ್ದರಿಂದ ಅವರು ತಮ್ಮ ಹೆಸರಿನಲ್ಲಿ ಖಾತೆ ಇಟ್ಟುಕೊಳ್ಳಲು ಆಗುವುದಿಲ್ಲ. ಅದೇ ಖಾತೆಗಳಲ್ಲಿ ಬೆಟ್ಟಿಂಗ್ ದುಡ್ಡಿನ ಜೊತೆ ಆನ್‌ಲೈನ್ ವಂಚನೆಯ ದುಡ್ಡೂ ಸೇರಿಕೊಳ್ಳುತ್ತದೆ.

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೇರೆ ರಾಜ್ಯದಲ್ಲಿ ಯಾರಿಗೋ ಫೋನ್ ಮಾಡಿ ಹೆದರಿಸಿ 1 ಲಕ್ಷ ಹಾಕಿಸಿಕೊಂಡರು. ಆ ದುಡ್ಡು ಮೊದಲ ಖಾತೆಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಯಿತು. ಅದೇ ದಿನ ನಮ್ಮ ಪೂಲ್ ಗೆದ್ದಿತು. ಆ ಮೂರನೇ ಖಾತೆಯಿಂದ ನಮ್ಮ ಗೆಳೆಯನಿಗೆ 7,600 ಬಂತು. ಕಟ್ಟಿದ ಅಸಲು 4,000, ಗೆದ್ದದ್ದು 3,600. ಅವನು ಎಂಟು ಜನಕ್ಕೆ 950 ರಂತೆ ಕಳಿಸಿದ. ಎಲ್ಲರಿಗೂ ಸಂತೋಷ.

ಮೋಸ ಹೋದವರು ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಟ್ಟರು. ಪೊಲೀಸರೂ ಬ್ಯಾಂಕುಗಳೂ ದುಡ್ಡು ಹೋದ ದಾರಿಯನ್ನು ಖಾತೆಯಿಂದ ಖಾತೆಗೆ ಹಿಂಬಾಲಿಸುತ್ತಾರೆ. ದಾರಿಯಲ್ಲಿ ಸಿಕ್ಕ ಖಾತೆಗಳನ್ನು ತಡೆಹಿಡಿಯುತ್ತಾರೆ. ಕೆಲವು ಸಲ ಆ ಮೊತ್ತಕ್ಕೆ ಮಾತ್ರ ತಡೆ, ಕೆಲವು ಸಲ ಇಡೀ ಖಾತೆ ಫ್ರೀಜ್. ನಮ್ಮ ಗೆಳೆಯನಿಗೆ ಗೊತ್ತಾಗುವುದು ಕ್ಯಾಂಟೀನಿನಲ್ಲಿ ಯುಪಿಐ ಫೇಲ್ ಆದಾಗ. ಬ್ಯಾಂಕಿಗೆ ಹೋದರೆ ಮ್ಯಾನೇಜರ್ ತಾವೇ ಬಿಡಿಸಲು ಆಗುವುದಿಲ್ಲ ಅನ್ನುತ್ತಾರೆ. ಯಾವ ರಾಜ್ಯದ ಯಾವ ಠಾಣೆಯಿಂದ ಸೂಚನೆ ಬಂದಿದೆ, ದೂರಿನ ನಂಬರ್ ಏನು ಅಂತ ಕೊಡುತ್ತಾರೆ. ಆ ಠಾಣೆಗೆ ಬರೆದು, ದುಡ್ಡು ಯಾವ ಬಾಬ್ತು ಬಂತು ಅಂತ ವಿವರಿಸಬೇಕು. ಅಲ್ಲಿ ಅವನು ಬರೆಯಬೇಕಾದ ನಿಜ ಒಂದೇ: ಬೆಟ್ಟಿಂಗ್‌ನಲ್ಲಿ ಗೆದ್ದದ್ದು.

ನಮ್ಮಂಥವರಿಗೆ ಇರುವುದು ಒಂದೇ ಖಾತೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ವಿದ್ಯಾರ್ಥಿವೇತನ ಬರುವುದು ಆಧಾರ್ ಜೋಡಿಸಿದ ಆ ಖಾತೆಗೇ. ಅಡಿಕೆ ಮಾರಿದ ಮೇಲೆ ಮನೆಯಿಂದ ಫೀಸಿಗೆ ಹಾಕುವುದೂ ಅದಕ್ಕೇ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ವಾರ ಅದು ಬಂದ್ ಆದರೆ ಮನೆಯವರಿಗೆ ಏನು ಹೇಳುವುದು? ದುಡ್ಡು ಹಂಚಿಸಿಕೊಂಡ ಉಳಿದ ಏಳು ಜನರ ಖಾತೆಗಳಿಗೂ ಅದೇ ದಾರಿಯಲ್ಲಿ ತಡೆ ಬೀಳುವ ಸಾಧ್ಯತೆ ಇದೆ. ಹಂಚಿದ 950 ಕೂಡ ಅದೇ ಸರಪಳಿಯ ಮುಂದಿನ ಕೊಂಡಿ ತಾನೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಕೊಟ್ಟರೆ ತಿಂಗಳಿಗೆ ಇಷ್ಟು ಕೊಡುತ್ತೇವೆ ಅಂತ ವಿದ್ಯಾರ್ಥಿಗಳನ್ನು ಕೇಳುವವರಿದ್ದಾರೆ. ಕೊಟ್ಟರೆ ಮೇಲೆ ಹೇಳಿದ ಎರಡನೇ ಖಾತೆಯೋ ಮೂರನೇ ಖಾತೆಯೋ ನಿಮ್ಮದೇ ಆಗುತ್ತದೆ. ಆಗ ಪೊಲೀಸರು ಸಾಕ್ಷಿ ಅಂತ ಕರೆಯುವುದಿಲ್ಲ, ಆರೋಪಿ ಅಂತ ಹುಡುಕಿಕೊಂಡು ಬರುತ್ತಾರೆ. ಯಾರೇ ಕೇಳಿದರೂ, ಎಷ್ಟೇ ಆಪ್ತರಾದರೂ, ಇದಕ್ಕೆ ಇಲ್ಲ ಅನ್ನಿ.

ಕಾನೂನು ಏನು ಹೇಳುತ್ತೆ? ಸುಮ್ನೆ ಗೆಳೆಯರೊಳಗೆ ಆಡಿದರೂ ಅಪರಾಧವಾ?

ಕರ್ನಾಟಕದಲ್ಲಿ ಜೂಜಿಗೆ ಅನ್ವಯವಾಗುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಜೂಜಿನ ಅಡ್ಡೆ ನಡೆಸುವುದು 79ನೇ ಕಲಂ, ಅಡ್ಡೆಯಲ್ಲಿ ಆಡುವುದು 80ನೇ ಕಲಂ. ಅಡ್ಡೆ ಅನ್ನಿಸಿಕೊಳ್ಳಲು ಜಾಗ ಕೊಟ್ಟವನಿಗೆ ಲಾಭ ಇರಬೇಕು ಅನ್ನುವಂಥ ಅಂಶಗಳಿವೆ. ಹಾಗಾಗಿ ಯಾರೂ ಕಮಿಷನ್ ತೆಗೆದುಕೊಳ್ಳದ ಗೆಳೆಯರ ರೂಮು ಅದರೊಳಗೆ ಬರುತ್ತದಾ ಅನ್ನುವುದು ವಕೀಲರು ವಾದ ಮಾಡುವ ವಿಷಯ. ಆ ವಾದವನ್ನು ಠಾಣೆಯಲ್ಲಿ ಕೂತು ಮಾಡುವ ಪರಿಸ್ಥಿತಿ ನಮಗೆ ಬೇಕಾ?

ಆನ್‌ಲೈನ್ ವಿಷಯ ಇನ್ನೂ ನೇರ. ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಡೆಸುವವರಿಗೂ, ಅದಕ್ಕೆ ಹಣದ ವ್ಯವಹಾರ ಮಾಡಿಕೊಡುವವರಿಗೂ ಅದರಲ್ಲಿ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ ಇದೆ. ಜಾಹೀರಾತು ಮಾಡುವವರಿಗೂ ಶಿಕ್ಷೆ ಇದೆ. ಬರೀ ಆಡಿದವನಿಗೆ ಆ ಕಾಯ್ದೆ ಶಿಕ್ಷೆ ಹೇಳಿಲ್ಲ. ನಮ್ಮ ಹುಡುಗರು ಈ ಒಂದು ಮಾತನ್ನು ಮಾತ್ರ ನೆನಪಿಟ್ಟುಕೊಂಡಿರುತ್ತಾರೆ. ಆದರೆ ಎಂಟು ಜನರ ದುಡ್ಡು ಕೂಡಿಸಿ, ಕಟ್ಟಿ, ಹಂಚುವ ಗೆಳೆಯನು ತಾನು ಬರೀ ಆಡುವವನು ಅಂತ ಹೇಳಿಕೊಳ್ಳುವುದು ಉಳಿದವರಷ್ಟು ಸುಲಭ ಅಲ್ಲ. ನನಗೆ ಹೆದರಿಕೆ ಇದ್ದದ್ದು ಅವನ ಬಗ್ಗೆಯೇ. ಓಸಿ, ಅಂದರೆ ಮಟ್ಕಾ ಆಟದ ಸುದ್ದಿ ಪೇಪರಿನಲ್ಲಿ ಬಂದಾಗ ನೋಡಿ. ಸಿಕ್ಕಿಬೀಳುವುದು ಬೀದಿಯಲ್ಲಿ ಚೀಟಿ ಬರೆಯುವವನು.

ಇನ್ನೊಂದು ಹಳೆಯ ಕಾನೂನು ತಿಳಿದಿರಲಿ. 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಒಪ್ಪಂದಕ್ಕೆ ಬೆಲೆ ಇಲ್ಲ. ಗೆದ್ದ ದುಡ್ಡನ್ನು ಐಡಿಯವನು ಕೊಡದೇ ನಂಬರ್ ಬ್ಲಾಕ್ ಮಾಡಿದರೆ ಕೋರ್ಟಿಗೆ ಹೋಗಿ ಕೇಳಲು ಬರುವುದಿಲ್ಲ. ಸೋತಾಗ ಮಾತ್ರ ಅವನು ವಸೂಲಿಗೆ ಕೋರ್ಟಿನ ದಾರಿ ಹಿಡಿಯುವುದಿಲ್ಲ, ಮನೆ ಬಾಗಿಲಿಗೇ ಬರುತ್ತಾನೆ.

"ಆ್ಯಪ್ ಇಲ್ಲ, ಐಡಿ ಇಲ್ಲ. ನಮ್ಮೊಳಗೇ ಕಟ್ಟಿ ಗೆದ್ದವನಿಗೆ ಕೊಡೋದು" ಅಂದರೆ?

ಬುಕ್ಕಿಯ ಪಾಲು ಇಲ್ಲ, ಬಾಡಿಗೆ ಖಾತೆಗಳ ಗೊಡವೆ ಇಲ್ಲ. ಅಷ್ಟು ವ್ಯತ್ಯಾಸ ಇದೆ ಅಂತ ನಾನೂ ಒಪ್ಪುತ್ತೇನೆ. ಆದರೆ ಅಲ್ಲಿ ನೀವು ಗೆಲ್ಲುವ ಪ್ರತಿ ರೂಪಾಯಿಯೂ ಪಕ್ಕದ ಹಾಸಿಗೆಯಲ್ಲಿ ಮಲಗುವವನದ್ದು. ನಾಲ್ಕು ವಾರ ಸತತ ಸೋತವನು ಮೆಸ್ ಬಿಲ್ ಕಟ್ಟಲಾಗದೆ ಗೆದ್ದವನ ಹತ್ತಿರವೇ ಸಾಲ ಕೇಳುತ್ತಾನೆ. ಆಮೇಲೆ ಇಬ್ಬರೂ ಒಂದೇ ರೂಮಿನಲ್ಲಿ ಮಾತಿಲ್ಲದೆ ಓಡಾಡುತ್ತಾರೆ. ಇದಕ್ಕೂ ನಾನು ಬರುವುದಿಲ್ಲ. ಪತ್ರದಲ್ಲಿ "ಕ್ರಿಕೆಟ್ ಮೇಲೆ ದುಡ್ಡು ಕಟ್ಟುವುದಿಲ್ಲ" ಅಂತ ಬರೆದದ್ದು ಇದನ್ನೂ ಸೇರಿಸಿಯೇ. "ಆ್ಯಪ್‌ನಲ್ಲಿ ಕಟ್ಟುವುದಿಲ್ಲ" ಅಂತ ಬರೆದಿದ್ದರೆ ಮರುದಿನವೇ ಆ್ಯಪ್ ಇಲ್ಲದ ಪೂಲ್ ತಯಾರಾಗುತ್ತಿತ್ತು.

ಊಹೆ ಮಾಡುವ ಮಜಾ ಬೇಕು ಅನ್ನುವವರಿಗೆ ದಾರಿ ಇದೆ. ನಮ್ಮ ಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ಟಾಸ್‌ಗೆ ಮುಂಚೆ ಎಲ್ಲರೂ ಗೆಲ್ಲುವ ತಂಡ ಬರೆಯಬೇಕು. ಸರಿಯಾದರೆ ಒಂದು ಪಾಯಿಂಟ್. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಖರ್ಚು ಗೆದ್ದವರಿಗೂ ಸೋತವರಿಗೂ ಒಂದೇ. ಸೋತವರು ಕೊಡಿಸಬೇಕು ಅಂತ ಮಾಡಿದರೆ ಅದೂ ಸಣ್ಣ ಬಾಜಿಯೇ ಆಗುತ್ತದೆ, ಅದಕ್ಕೇ ಸಮ ಹಂಚುತ್ತೇವೆ. ಪೂಲ್‌ನಲ್ಲಿದ್ದ ಇಬ್ಬರು ಈ ಹಾಳೆಗೂ ಬರೆಯುತ್ತಾರೆ. ತಾವು ನಿಜಕ್ಕೂ ಎಷ್ಟು ಸಲ ಸರಿ ಹೇಳುತ್ತೇವೆ ಅಂತ ಅವರಿಗೆ ಅಲ್ಲಿ ಕಾಣುತ್ತದೆ.

ಈಗಾಗಲೇ ದುಡ್ಡು ಕೊಟ್ಟಾಗಿದೆ. ಈಗ ಹೊರಗೆ ಬರೋದು ಹೇಗೆ?

ಕೊಟ್ಟದ್ದನ್ನು ವಾಪಸ್ ಕೇಳಬೇಡಿ. ಅದೇ ದೊಡ್ಡ ಜಗಳಕ್ಕೆ ಕಾರಣ ಆಗುತ್ತದೆ, ಜೊತೆಗೆ "ಗೆದ್ದು ಕೊಡ್ತೀವಿ, ಅಲ್ಲಿವರೆಗೆ ಇರು" ಅಂತ ಕಟ್ಟಿಹಾಕುತ್ತಾರೆ. "ನನ್ನ ಪಾಲು ಬಿಟ್ಟಿದ್ದೇನೆ. ಇವತ್ತಿನಿಂದ ಗೆದ್ದರೂ ನನಗೆ ಬೇಡ, ಸೋತರೂ ನನ್ನ ಮೇಲೆ ಬಾಕಿ ಇಲ್ಲ" ಅಂತ ದಿನಾಂಕ ಹಾಕಿ ಬರೆದು ಕೊಡಿ. ಎರಡನೇ ಭಾಗ ಮರೆಯಬೇಡಿ. ಐಡಿಯವರು ಮುಂಗಡ ಇಲ್ಲದೆ ಉದ್ರಿಯಲ್ಲೂ ಆಡಲು ಬಿಡುತ್ತಾರೆ, ಆಮೇಲೆ ಬಾಕಿಯನ್ನು ಎಲ್ಲರ ಮೇಲೂ ಹಂಚುತ್ತಾರೆ. ವಾಟ್ಸ್ಆ್ಯಪ್ ಗ್ರೂಪಿನಿಂದಲೂ ಹೊರಗೆ ಬನ್ನಿ. ಐಡಿಯ ಪಾಸ್‌ವರ್ಡ್ ನಿಮ್ಮ ಫೋನಿನಲ್ಲಿದ್ದರೆ ತೆಗೆದುಹಾಕಿ.

ಗೆಳೆಯರು ಸಿಟ್ಟು ಮಾಡಿಕೊಂಡರೆ?

ಸ್ವಲ್ಪ ದಿನ ಮಾಡಿಕೊಳ್ಳಬಹುದು. ನನ್ನ ಜೊತೆ ಒಬ್ಬ ಸರಿಯಾಗಿ ಮಾತಾಡಲಿಲ್ಲ. ನಾನು ಪತ್ರದ ಬಗ್ಗೆ ಮತ್ತೆ ಎತ್ತಲಿಲ್ಲ. ಅಡುಗೆ ಮಾಡಿದೆ, ಮ್ಯಾಚ್ ನೋಡಿದೆ, ನೋಟ್ಸ್ ಕೊಟ್ಟೆ. ಅವರು ಸೋತ ದಿನ "ನೋಡಿದ್ಯಾ, ಹೇಳಿರ್ಲಿಲ್ವಾ" ಅನ್ನಲಿಲ್ಲ. ಆ ಒಂದು ಮಾತು ಆಡಿದರೆ ಪತ್ರದಲ್ಲಿ ತೋರಿಸಿದ ಮರ್ಯಾದೆಯೆಲ್ಲ ನೀರುಪಾಲಾಗುತ್ತದೆ. ಆಮೇಲೆ ಅವರು ಕಷ್ಟ ಬಂದರೂ ನಿಮ್ಮ ಹತ್ತಿರ ಬರುವುದಿಲ್ಲ.

ಗೆಳೆಯ ಕಷ್ಟಕ್ಕೆ ಸಿಕ್ಕಿಬಿದ್ದಿದ್ದಾನೆ ಅಂತ ಹೇಗೆ ಗೊತ್ತಾಗುತ್ತೆ? ಆಗ ಏನು ಮಾಡಬೇಕು?

ಅವನು ನೋಡುವ ಮ್ಯಾಚ್‌ಗಳನ್ನು ಗಮನಿಸಿ. ಆರ್‌ಸಿಬಿ ಅಂದರೆ ಪ್ರಾಣ ಬಿಡುತ್ತಿದ್ದವನು, ಎಲ್ಲಿಯದೋ ದೇಶದ, ಹೆಸರೂ ಕೇಳಿರದ ಲೀಗನ್ನು ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ನೋಡುತ್ತಿದ್ದರೆ ಅದು ಕ್ರಿಕೆಟ್ ಮೇಲಿನ ಪ್ರೀತಿ ಅಲ್ಲ. ಒಬ್ಬರಿಂದ ಸಾಲ ತಂದು ಇನ್ನೊಬ್ಬರಿಗೆ ಕೊಡುವುದು, ಫೋನ್ ಮುಚ್ಚಿ ಹಿಡಿಯುವುದು, ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟಿದ್ದೀನಿ ಅಂತ ವಾರಗಟ್ಟಲೆ ಹೇಳುವುದು, ಊರಿಂದ ಫೋನ್ ಬಂದರೆ ಎತ್ತದಿರುವುದು ಇವೂ ಲಕ್ಷಣಗಳೇ.

ಅಂಥವನಿಗೆ ಕೈಗೆ ದುಡ್ಡು ಕೊಡಬೇಡಿ. ಮೆಸ್ ಬಿಲ್ ಬಾಕಿ ಇದ್ದರೆ ಮೆಸ್‌ಗೇ ಹೋಗಿ ಕಟ್ಟಿ. ಫೀಸು ಬಾಕಿ ಇದ್ದರೆ ಚಲನ್ ಮೇಲೆ ಕಟ್ಟಿ. ಒಟ್ಟು ಸಾಲ ಎಷ್ಟು, ಯಾರ್ಯಾರಿಗೆ ಅಂತ ಒಂದು ಹಾಳೆಯಲ್ಲಿ ಅವನ ಕೈಯಲ್ಲೇ ಬರೆಸಿ. ಆ ಹಾಳೆ ಇಟ್ಟುಕೊಂಡು ಮನೆಯಲ್ಲಿ ಹೇಳಲು ಅವನ ಜೊತೆ ಹೋಗಿ. ನಮ್ಮ ಕಡೆ ಅಪ್ಪನಿಗಿಂತ ಮೊದಲು ಮಾವನಿಗೋ ಅಕ್ಕನಿಗೋ ಹೇಳುವುದು ಸುಲಭ. ವಸೂಲಿಗೆ ಯಾರಾದರೂ ಹೆದರಿಸುತ್ತಿದ್ದರೆ ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡು ಮನೆಯವರ ಜೊತೆ ಠಾಣೆಗೆ ಹೋಗಬೇಕು.

ಅವನು ಬದುಕಿ ಪ್ರಯೋಜನ ಇಲ್ಲ ಅನ್ನುವಂಥ ಮಾತಾಡಿದರೆ ಅದನ್ನು ತಮಾಷೆ ಅಂದುಕೊಳ್ಳಬೇಡಿ. ಒಬ್ಬನೇ ಬಿಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ಸರ್ಕಾರದ ಉಚಿತ ಸೇವೆ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಗೆಳೆಯನ ಪರವಾಗಿ ನೀವೂ ಕರೆ ಮಾಡಬಹುದು. ಪೂಲ್ ವಿಷಯ ಹೊರಗೆ ಹೇಳಲ್ಲ ಅಂತ ನಾನು ಪತ್ರದಲ್ಲಿ ಬರೆದಿದ್ದೆ ನಿಜ. ಅದರ ಮುಂದಿನ ವಾಕ್ಯವನ್ನು ಸೇರಿಸಿದ್ದು ಇಂಥ ಹೊತ್ತಿಗಾಗಿಯೇ. ಗುಟ್ಟು ಕಾಯಲು ಒಂದು ಮಿತಿ ಇದೆ ಅಂತ ಮೊದಲೇ ಬರೆದಿಟ್ಟರೆ, ಮನೆಯವರಿಗೆ ಹೇಳಬೇಕಾದ ದಿನ ನೀವು ಮಾತು ತಪ್ಪಿದ ಹಾಗೆ ಆಗುವುದಿಲ್ಲ.

ಈ ಪತ್ರವನ್ನು ಹಾಗೇ ನಕಲು ಮಾಡಬಹುದಾ?

ಮಾಡಬಹುದು. ಅಡುಗೆಯ ವಾಕ್ಯದ ಜಾಗದಲ್ಲಿ ನೀವು ಗೆಳೆಯರ ಜೊತೆ ನಿಜವಾಗಿ ಮಾಡುವ ಕೆಲಸವನ್ನು ಬರೆಯಿರಿ. ನವುಲೆ ಮೈದಾನಕ್ಕೆ ಜೊತೆಗೆ ಹೋಗುವುದಿರಬಹುದು, ಭಾನುವಾರದ ಟೆನಿಸ್ ಬಾಲ್ ಮ್ಯಾಚ್ ಇರಬಹುದು. "ಈ ಸಲ ಬೇಡ" ಅಂತ ತಿದ್ದಬೇಡಿ, ಮುಂದಿನ ಸಲ ಮತ್ತೆ ಬರೆಯಬೇಕಾಗುತ್ತದೆ. ಪತ್ರ ಉದ್ದ ಆಯಿತು ಅನ್ನಿಸಿದರೆ ಬೇರೆ ಏನನ್ನಾದರೂ ತೆಗೆಯಿರಿ. ಖಾತೆ, ಯುಪಿಐ, ಸಿಮ್, ಆಧಾರ್ ಇರುವ ವಾಕ್ಯ ಮಾತ್ರ ಇರಲಿ.